ಒಂದೇ ಸಲ ಕಚ್ಚುವ ಹುಳದಲ್ಲಿ ಸ್ಕ್ರಬ್ ಟೈಫಸ್ ರೋಗಾಣು ಎಲ್ಲಿಂದ ಬರುತ್ತದೆ?

“ಅಪ್ಪನಿಗೆ ಸ್ಕ್ರಬ್ ಟೈಫಸ್ ಆಗಿತ್ತು, ಈಗ ಹುಷಾರಾಗಿದ್ದಾರೆ. ಚಿಗರ್ ಅನ್ನೋ ನುಸಿಯ ಮರಿ ಮಾತ್ರ ಕಚ್ಚುತ್ತೆ, ಅದೂ ಜೀವನದಲ್ಲಿ ಒಂದೇ ಸಲ ಅಂತ ಡಾಕ್ಟರ್ ಹೇಳಿದ್ರು. ಹಾಗಾದ್ರೆ ಮೊದಲನೇ ಸಲ ಕಚ್ಚೋ ಹುಳಕ್ಕೆ ರೋಗಾಣು ಎಲ್ಲಿಂದ ಬಂತು? ತೋಟದ ಇಲಿ ಹೊಡೆದ್ರೆ ಸಾಕಾ?”

ಅದರ ಅಮ್ಮನಿಂದ ಬಂತು. ಇಲಿ ಹೊಡೆದರೆ ಸಾಲದು. ಇವೆರಡಕ್ಕೂ ಕಾರಣ ಒಂದೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಕೆಲವು ವರ್ಷ ಇಲಿ ಹಿಡಿದು ಅವುಗಳ ಮೈಮೇಲಿನ ಹುಳ ಎಣಿಸುವ ಸರ್ವೆ ಕೆಲಸ ಮಾಡಿದ್ದೇನೆ. ಸಂಜೆ ಬೋನಿನಲ್ಲಿ ಕೊಬ್ಬರಿ ಚೂರು ಇಟ್ಟು ಬರುವುದು, ಬೆಳಗ್ಗೆ ಹೋಗಿ ಸಿಕ್ಕಿದ ಇಲಿಯ ಕಿವಿ ನೋಡುವುದು. ಕಿವಿಯ ಒಳಮಡಿಕೆಯಲ್ಲಿ ಕಿತ್ತಳೆ ಬಣ್ಣದ ಪುಡಿ ಮೆತ್ತಿದ ಹಾಗೆ ಕಾಣುತ್ತಿತ್ತು. ಅದು ಪುಡಿಯಲ್ಲ, ಒತ್ತಾಗಿ ಕೂತ ಚಿಗರ್ ಮರಿಗಳು. ಒಂದೊಂದೂ ಸುಮಾರು 0.2 ಮಿಲಿಮೀಟರ್, ಆರೇ ಕಾಲು. ಅಷ್ಟು ಇಲಿ ನೋಡಿದರೂ ಎಂಟು ಕಾಲಿನ ದೊಡ್ಡ ನುಸಿ ಒಂದೂ ಅವುಗಳ ಮೈಮೇಲೆ ಸಿಗಲಿಲ್ಲ. ಅದಕ್ಕೆ ಇಲಿಯೂ ಬೇಡ, ಮನುಷ್ಯರೂ ಬೇಡ. ಅದು ಮಣ್ಣಲ್ಲೇ ಇದ್ದು ಸ್ಪ್ರಿಂಗ್‌ಟೇಲ್ ಥರದ ಸಣ್ಣ ಹುಳಗಳ ಮೊಟ್ಟೆ ತಿಂದುಕೊಂಡು ಬದುಕುತ್ತದೆ.

ಮರಿ ಮಾತ್ರ ಯಾಕೆ ಹೀಗೆ? ಮೊದಲ ಮಳೆ ಬಿದ್ದಾಗ ಹೊಲದಲ್ಲಿ ಕೆಂಪು ಮಖಮಲ್ಲಿನ ಹಾಗಿರುವ ಹುಳ ಓಡಾಡುತ್ತದಲ್ಲ, ಅದು ಚಿಗರ್‌ನ ನೆಂಟ. ಅದರ ಮರಿಯೂ ಬೇರೆ ಕೀಟಗಳ ಮೈಗೆ ಅಂಟಿಕೊಂಡು ಬೆಳೆಯುತ್ತದೆ, ದೊಡ್ಡದಾದ ಮೇಲೆ ಮಣ್ಣಲ್ಲಿ ಬೇಟೆಯಾಡುತ್ತದೆ. ಅಂದರೆ ಇದು ಆ ಇಡೀ ಕುಲದ ಹಳೇ ಪದ್ಧತಿ, ಚಿಗರ್ ಒಂದರದ್ದೇ ಅಲ್ಲ. ಚಿಗರ್ ಮರಿ ಇಲಿಯ ಮೇಲೆ ಎರಡು ಮೂರು ದಿನ, ಕೆಲವು ಸಲ ಇನ್ನೂ ಜಾಸ್ತಿ, ಕೂತು ಮೈ ಉಬ್ಬುವಷ್ಟು ತಿನ್ನುತ್ತದೆ. ತಿನ್ನುವುದು ರಕ್ತವಲ್ಲ. ಅದರ ಜೊಲ್ಲು ಚರ್ಮದ ಜೀವಕೋಶಗಳನ್ನು ಕರಗಿಸುತ್ತದೆ, ಆ ಜಾಗದಲ್ಲಿ ಗಟ್ಟಿಯಾದ ಒಂದು ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ, ಅದರ ಮೂಲಕ ಕರಗಿದ ರಸವನ್ನು ಹೀರುತ್ತದೆ. ಆಮೇಲೆ ಉದುರಿ ಮಣ್ಣು ಸೇರಿ, ಅಲ್ಲಾಡದೆ ಬಿದ್ದಿದ್ದು, ಎಂಟು ಕಾಲಿನ ನಿಂಫ್, ಅಂದರೆ ಮರಿಗೂ ದೊಡ್ಡ ನುಸಿಗೂ ನಡುವಿನ ಹಂತ, ಆಗಿ ಏಳುತ್ತದೆ. ಆರು ಕಾಲಿನ ಮೈಯನ್ನು ಕಳಚಿ ಹೊಸ ಮೈ ಕಟ್ಟಿಕೊಳ್ಳುವ ಖರ್ಚೆಲ್ಲ ಆ ಒಂದು ಊಟದಿಂದಲೇ. ಜೊತೆಗೆ ಇಲಿ ಅದಕ್ಕೆ ಬಸ್ಸು ಕೂಡ. ಸ್ವಂತ ಕಾಲಲ್ಲಿ ಕೆಲವು ಮೀಟರ್ ದಾಟುವುದೂ ಕಷ್ಟ ಇರುವ ಹುಳ ಹೊಸ ಜಾಗಕ್ಕೆ ಹೋಗಬೇಕೆಂದರೆ ಬೇರೆ ದಾರಿ ಇಲ್ಲ.

ಈಗ ನಿಮ್ಮ ಪ್ರಶ್ನೆಯ ಗಂಟು. ಮಲೆನಾಡಿನ ಮಂಗನ ಕಾಯಿಲೆ ಹರಡುವ ಉಣುಗಿನ ಜೊತೆ ಹೋಲಿಸಿದರೆ ಬೇಗ ಬಿಚ್ಚಿಕೊಳ್ಳುತ್ತದೆ. ಉಣುಗು ಮರಿಯಾಗಿದ್ದಾಗ ಒಂದು ಪ್ರಾಣಿಯ ರಕ್ತ ಕುಡಿಯುತ್ತದೆ, ನಿಂಫ್ ಆದಮೇಲೆ ಇನ್ನೊಂದರದ್ದು, ದೊಡ್ಡದಾದಮೇಲೆ ಮತ್ತೊಂದರದ್ದು. ಮೊದಲ ಊಟದಲ್ಲಿ ವೈರಸ್ ಹತ್ತಿದರೆ ಎರಡನೇ ಊಟದಲ್ಲಿ ದಾಟಿಸಬಹುದು. ಚಿಗರ್‌ಗೆ ಪ್ರಾಣಿಯ ಮೈಮೇಲೆ ಎರಡನೇ ಊಟವೇ ಇಲ್ಲ. ಕಾಯಿಲೆ ಇರುವ ಇಲಿಯಿಂದ ರೋಗಾಣು ಬಂದರೂ ಆ ಮರಿ ಇನ್ನು ಯಾರನ್ನೂ ಕಚ್ಚುವುದಿಲ್ಲ. ಹಾಗಾಗಿ ನಿಮ್ಮ ಅಪ್ಪನನ್ನು ಕಚ್ಚಿದ ಮರಿ ಮೊಟ್ಟೆಯಿಂದ ಬರುವಾಗಲೇ ಓರಿಯೆಂಶಿಯಾ ಸುತ್ಸುಗಾಮುಶಿ ಎಂಬ ಈ ಬ್ಯಾಕ್ಟೀರಿಯಾವನ್ನು ಹೊತ್ತು ಬಂದಿತ್ತು. ತಾಯಿ ನುಸಿಯ ಅಂಡಾಶಯದಲ್ಲಿ ಅದು ಇರುತ್ತದೆ, ಅಲ್ಲಿಂದ ಮೊಟ್ಟೆಗೆ, ಮರಿಗೆ, ಮರಿಯ ಜೊಲ್ಲಿನ ಗ್ರಂಥಿಗೆ. ಆ ಮರಿಗೆ ಇಲಿ ಸಿಕ್ಕಿದ್ದರೆ ಅದು ನಿಂಫ್ ಆಗಿ, ದೊಡ್ಡದಾಗಿ, ಮತ್ತೆ ಮೊಟ್ಟೆಗೆ ದಾಟಿಸುತ್ತಿತ್ತು. ಅಂದರೆ ರೋಗಾಣುವನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡುವುದು ಮುಖ್ಯವಾಗಿ ನುಸಿಯೇ, ಇಲಿಯಲ್ಲ.

ಆದರೆ ಇದರಲ್ಲಿ ಒಂದು ತೊಡಕಿದೆ, ನನಗೆ ತುಂಬಾ ಇಷ್ಟವಾಗುವ ಭಾಗ ಅದು. ಸುಮ್ನೆ ಲೆಕ್ಕಕ್ಕೆ ಅಂದುಕೊಳ್ಳಿ: ಸೋಂಕಿರುವ ತಾಯಂದಿರ ಮರಿಗಳಲ್ಲಿ 100ಕ್ಕೆ 95ಕ್ಕೆ ಮಾತ್ರ ರೋಗಾಣು ದಾಟುತ್ತದೆ, ವರ್ಷಕ್ಕೆ ನಾಲ್ಕು ತಲೆಮಾರು. ಐದು ವರ್ಷ ಅಂದರೆ 20 ತಲೆಮಾರು. ಶುರುವಿನಲ್ಲಿ 100 ಸೋಂಕಿನ ನುಸಿ ಇದ್ದರೆ ಕೊನೆಗೆ ಉಳಿಯುವುದು ಸುಮಾರು 36. ಪ್ರತಿ ಸಲ ಸೋರುವುದು ಚೂರೇ ಆದರೂ ಕೊನೆಗೆ ಕೊಡ ಖಾಲಿ. ನಿಜದಲ್ಲಿ ಹಾಗೆ ಖಾಲಿಯಾಗಿಲ್ಲ, ಆದ್ದರಿಂದ ಎಲ್ಲೋ ಮತ್ತೆ ತುಂಬಿಕೊಳ್ಳುತ್ತಿರಬೇಕು.

ಎಲ್ಲರಿಗೂ ಮೊದಲು ಹೊಳೆಯುವುದು ಕಾಯಿಲೆ ಬಿದ್ದ ಇಲಿ. ಲ್ಯಾಬ್‌ನಲ್ಲಿ ಅದನ್ನು ನೋಡಿದ್ದಾರೆ. ಸೋಂಕಿನ ಇಲಿಯ ಮೇಲೆ ಶುದ್ಧ ಮರಿಗಳನ್ನು ಬಿಟ್ಟರೆ ಕೆಲವಕ್ಕೆ ರೋಗಾಣು ಹತ್ತುತ್ತದೆ, ಆದರೆ ಅವು ದೊಡ್ಡದಾಗಿ ಇಟ್ಟ ಮೊಟ್ಟೆಗಳಿಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಇನ್ನೊಂದು ದಾರಿ ಇಲಿಯ ಕಿವಿಯ ಆ ಜನಜಂಗುಳಿ. ಸೋಂಕಿನ ಮರಿಯ ಪಕ್ಕದಲ್ಲೇ ಕೂತು ತಿನ್ನುವ ಶುದ್ಧ ಮರಿಗೆ, ಒಂದೇ ತಟ್ಟೆಯಲ್ಲಿ ಉಂಡ ಹಾಗೆ, ರೋಗಾಣು ಸಿಗಬಹುದು. ಇದೂ ಲ್ಯಾಬ್‌ನಲ್ಲಿ ಕಂಡದ್ದೇ. ಮೂರನೆಯದು ವಿಚಿತ್ರ. ಲೆಪ್ಟೋಟ್ರಾಂಬಿಡಿಯಂ ಫ್ಲೆಚೆರಿ ಎಂಬ ಜಾತಿಯ ಲ್ಯಾಬ್ ಸಾಕಣೆಯಲ್ಲಿ ಸೋಂಕಿರುವ ತಾಯಿಗೆ ಹುಟ್ಟುವ ಮರಿಗಳು ಬಹುತೇಕ ಎಲ್ಲವೂ ಹೆಣ್ಣು. ಬ್ಯಾಕ್ಟೀರಿಯಾ ದಾಟುವುದು ಮೊಟ್ಟೆಯಲ್ಲಿ, ಗಂಡಿನಿಂದ ಅದಕ್ಕೆ ಲಾಭವಿಲ್ಲ. ಹತ್ತು ಮರಿಯಲ್ಲಿ ಐದರ ಬದಲು ಹತ್ತೂ ಹೆಣ್ಣಾದರೆ ಮೇಲಿನ ಲೆಕ್ಕದ ಸೋರಿಕೆ ತುಂಬಿ ಇನ್ನೂ ಮಿಗುತ್ತದೆ, ಅಲ್ವಾ? ಆದರೆ ಎಲ್ಲ ಜಾತಿಯಲ್ಲೂ ಹೀಗೇ ಅಂತ ತಿಳಿಯಬೇಡಿ. ನಮ್ಮ ದೇಶದಲ್ಲಿ ಮುಖ್ಯವಾಗಿ ರೋಗ ಹರಡುವುದು ಇದರ ನೆಂಟ, ಲೆಪ್ಟೋಟ್ರಾಂಬಿಡಿಯಂ ಡೆಲಿಯೆನ್ಸೆ.

ಇಲಿಯ ವಿಷಯಕ್ಕೆ ಬರೋಣ. ಇಲಿ ಇಲ್ಲದಿದ್ದರೆ ಚಿಗರ್ ಸಂತತಿ ನಿಧಾನಕ್ಕೆ ಇಳಿಯುತ್ತದೆ ನಿಜ. ಆದರೆ ಇಲಿ ಸತ್ತ ದಿನ ಮಣ್ಣಿನಲ್ಲಿರುವ ನುಸಿ, ಮೊಟ್ಟೆ, ರೋಗಾಣು ಎಲ್ಲ ಹಾಗೇ ಇರುತ್ತವೆ. ಹಸಿದ ಮರಿಗಳು ಹುಲ್ಲಿನ ತುದಿಯಲ್ಲಿ, ತರಗೆಲೆಯ ಮೇಲೆ ಕಾಯುತ್ತಿರುತ್ತವೆ, ಇಲಿ ಸಿಗದಿದ್ದರೆ ನಿಮ್ಮ ಕಾಲೇ ಸಿಗುತ್ತದೆ. ಅದಕ್ಕೇ ಮೊದಲು ಪಂಪ್‌ಸೆಟ್ ಮನೆಯ ಸುತ್ತ, ಬದುವಿನ ಮೇಲೆ ಬೆಳೆದ ಕಳೆ ಮತ್ತು ಪೊದೆ ಸವರಿ ನೆಲಕ್ಕೆ ಬಿಸಿಲು ಬೀಳುವ ಹಾಗೆ ಮಾಡಿ, ತೇವ ಹೋದರೆ ನುಸಿಗೆ ಕಷ್ಟ. ಆಮೇಲೆ ಇಲಿ. ಇಡೀ ತೋಟ ಬೋಳು ಮಾಡಬೇಕಾಗಿಲ್ಲ. ಈ ಹುಳ ಎಲ್ಲ ಕಡೆ ಸಮನಾಗಿ ಇರುವುದಿಲ್ಲ, ಒಂದು ಪೊದೆಯಲ್ಲಿ ನೂರಾರು ಇದ್ದರೆ ಪಕ್ಕದ್ದರಲ್ಲಿ ಒಂದೂ ಇರುವುದಿಲ್ಲ. ಅಪ್ಪ ಜ್ವರಕ್ಕೆ ಒಂದೆರಡು ವಾರ ಮುಂಚೆ ಎಲ್ಲಿ ಕೂತಿದ್ದರು, ಎಲ್ಲಿ ಹುಲ್ಲು ಕೊಯ್ದಿದ್ದರು ಕೇಳಿ, ಅಲ್ಲಿಂದ ಶುರು ಮಾಡಿ.

ಮನೆಯಲ್ಲಿ ಇನ್ಯಾರಿಗಾದರೂ ಜ್ವರ ಬಂದರೆ ಅದು ಅಪ್ಪನಿಂದ ಅಂಟಿದ್ದಲ್ಲ, ಅವರೂ ಅದೇ ಪೊದೆಗೆ ಹೋಗಿರಬಹುದು. ಆಗ ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿ. ನಮ್ಮ ಚಿಕ್ಕಪ್ಪನಿಗೆ ಒಂದು ಆಸ್ಪತ್ರೆಯಲ್ಲಿ ಟೈಫಾಯ್ಡ್ ಅಂತ ಎಂಟು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯಲೇ ಇಲ್ಲ. ಆ ಔಷಧ ಈ ರೋಗಾಣುವಿಗೆ ನಾಟುವುದಿಲ್ಲ. ಕೊನೆಗೆ ಸ್ನಾನ ಮಾಡಿಸುವಾಗ ಚಿಕ್ಕಮ್ಮ ಉಡುದಾರದ ಕೆಳಗೆ ಬೀಡಿಯಿಂದ ಸುಟ್ಟ ಹಾಗಿದ್ದ ಕಪ್ಪು ಹಕ್ಕಳೆ ನೋಡಿದರು. ನೋವಿಲ್ಲ, ತುರಿಕೆ ಇಲ್ಲ, ಆದ್ದರಿಂದ ಅವರು ಹೇಳಿರಲೇ ಇಲ್ಲ. ಡಾಕ್ಟರಿಗೆ ತೋರಿಸಿದ ಮೇಲೆ ಡಾಕ್ಸಿಸೈಕ್ಲಿನ್ ಶುರು ಮಾಡಿದರು, ಎರಡು ದಿನದಲ್ಲಿ ಜ್ವರ ಬಿಟ್ಟಿತು. ಎಲ್ಲರಿಗೂ ಆ ಕಲೆ ಕಾಣುವುದಿಲ್ಲ, ಅದಕ್ಕೆ ಕಲೆ ಇಲ್ಲದಿದ್ದರೂ ತೋಟದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ.