ಹಲ್ಲಿನ ಡಾಕ್ಟರ ಕುರ್ಚಿ ಹತ್ತಲಾರದವರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.)

ಮಂಜುನಾಥ್ ಬಸ್ ಕಂಡಕ್ಟರ್, ವಯಸ್ಸು 42. ಕೆಳದವಡೆಯ ಹುಳುಕು ಹಲ್ಲಿನ ನೋವನ್ನು ವರ್ಷಗಟ್ಟಲೆ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ತಳ್ಳಿಕೊಂಡು ಬಂದಿದ್ದರು. ದಂತವೈದ್ಯೆ ಅವರನ್ನು ನನ್ನ ಬಳಿ ಕಳಿಸುವ ಹೊತ್ತಿಗೆ ಕೆನ್ನೆ ಊದಿಕೊಂಡಿತ್ತು. ಅವರದು ಒಂದೇ ಬೇಡಿಕೆ: “ಮೇಡಂ, ಪೂರ್ತಿ ಪ್ರಜ್ಞೆ ತಪ್ಪಿಸಿ ಎಲ್ಲಾ ಹಲ್ಲೂ ಒಂದೇ ಸಲ ಮುಗಿಸೋಕೆ ಹೇಳಿ.”

ಹಲ್ಲಿನ ಚಿಕಿತ್ಸೆಯ ಭಯ ಅಳೆಯಲು ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ. ಅಂಕ 5ರಿಂದ 25ರವರೆಗೆ. 19 ಮುಟ್ಟಿದರೆ ಭಯ ತೀವ್ರ ಎಂದರ್ಥ. ಇವರದು 22. ಒಟ್ಟು ಅಂಕಕ್ಕಿಂತ ಅದು ಎಲ್ಲಿ ಏರಿದೆ ಎನ್ನುವುದೇ ನನಗೆ ಮುಖ್ಯ. ಹಲ್ಲು ಕ್ಲೀನ್ ಮಾಡಿಸುವುದಕ್ಕೆ 3, ಇಂಜೆಕ್ಷನ್‌ಗೆ 5. ಕೆದಕಿ ಕೇಳಿದಾಗ ಹದಿನಾರನೇ ವಯಸ್ಸಿನ ಸಂಗತಿ ಹೊರಬಂತು. ಇಂಜೆಕ್ಷನ್ ಕೊಟ್ಟ ಕೂಡಲೇ ಎದೆ ಡವಡವ ಹೊಡೆದುಕೊಂಡಿತ್ತು, ಕೈ ನಡುಗಿತ್ತು. ಹಲ್ಲು ಜೋಮು ಹಿಡಿಯುವ ಮೊದಲೇ ಕಿತ್ತಿದ್ದರು. “ಅವತ್ತು ಸತ್ತೇ ಹೋಗ್ತೀನಿ ಅನ್ಸಿತ್ತು.” ಅಂದರೆ ಅವರು ಹೆದರುತ್ತಿದ್ದುದು ಸೂಜಿಯ ನೋವಿಗಿಂತ ಆ ಎದೆಬಡಿತಕ್ಕೆ.

ಹಲ್ಲಿಗೆ ಕೊಡುವ ಅರಿವಳಿಕೆಯಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಬೆರೆಸಿರುತ್ತಾರೆ. ಔಷಧಿ ಅಲ್ಲೇ ಹೆಚ್ಚು ಹೊತ್ತು ನಿಲ್ಲಲಿ, ರಕ್ತಸ್ರಾವ ಕಡಿಮೆಯಾಗಲಿ ಎಂದು. ಅದು ಬೇಗ ರಕ್ತಕ್ಕೆ ಸೇರಿದರೆ ಕೆಲವು ನಿಮಿಷ ಎದೆ ಬಡಿದುಕೊಳ್ಳುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಲ್ಲಿನೊಳಗೆ ಉರಿಯೂತ ಜೋರಾಗಿದ್ದರೆ ಅರಿವಳಿಕೆ ಸರಿಯಾಗಿ ಹಿಡಿಯುವುದಿಲ್ಲ ಎನ್ನುವುದನ್ನೂ ಹೇಳಿರಲಿಲ್ಲ.

ಊದಿದ ಕೆನ್ನೆ ಕಾಯುವಂಥದ್ದಲ್ಲ. ಹಾಗಾಗಿ ಆ ಒಂದು ಹಲ್ಲಿಗೆ ಮಂಪರು ಬೇಕೆಂದು ವೈದ್ಯೆಯೂ ನಾನೂ ಒಪ್ಪಿದೆವು, ಆದರೆ ಪ್ರಜ್ಞೆ ತಪ್ಪಿಸುವಂಥದ್ದಲ್ಲ. ಮೂಗಿಗೆ ಪುಟ್ಟ ಮಾಸ್ಕ್ ಇಟ್ಟು ಮೊದಲು ಬರೀ ಆಮ್ಲಜನಕ, ಆಮೇಲೆ ಸ್ವಲ್ಪಸ್ವಲ್ಪವೇ ನೈಟ್ರಸ್ ಆಕ್ಸೈಡ್. ಬಹಳ ಮಂದಿಗೆ ಶೇ. 30ರಿಂದ 40ರೊಳಗೆ ಮೈ ಹಗುರಾಗಿ, ಬೆರಳ ತುದಿ ಜುಮ್ಮೆನ್ನುತ್ತದೆ. ಎಚ್ಚರ ಇರುತ್ತದೆ, ಮಾತಿಗೆ ಉತ್ತರ ಕೊಡುತ್ತಾರೆ. ಈ ಗಾಳಿ ನೋವನ್ನು ಪೂರ್ತಿ ತೆಗೆಯುವುದಿಲ್ಲ, ಅರಿವಳಿಕೆ ಇಂಜೆಕ್ಷನ್ ಬೇಕೇ ಬೇಕು. ಕೊನೆಗೆ ಸುಮಾರು ಐದು ನಿಮಿಷ ಮತ್ತೆ ಬರೀ ಆಮ್ಲಜನಕ. ಮೂಗು ಕಟ್ಟಿದ್ದರೆ ಇದು ಕೆಲಸ ಮಾಡದು. ನೆಗಡಿ ಇದ್ದರೆ ಮೊದಲೇ ತಿಳಿಸಬೇಕು. ಅವತ್ತು ಹಲ್ಲು ತೆರೆದು ಕೀವು ತೆಗೆದರು.

ಉಳಿದ ಹಲ್ಲುಗಳಿಗೂ ಇದೇ ಸಾಕಲ್ಲವೇ ಎಂದು ಅವರು ಕೇಳಿದರು. ನಾನು ಬೇಡವೆಂದೆ. ಮಂಪರು ಅವತ್ತಿನ ಕೆಲಸ ಮುಗಿಸುತ್ತದೆ, ಭಯ ಇದ್ದಲ್ಲೇ ಇರುತ್ತದೆ. ರಕ್ತನಾಳದ ಮೂಲಕ ಕೊಡುವ ಮಿಡಜೋಲಮ್‌ನಂಥ ಔಷಧಿಯಲ್ಲಂತೂ ನಡೆದದ್ದೇ ನೆನಪಿನಲ್ಲಿ ಉಳಿಯದಿರಬಹುದು. ನೆನಪೇ ಇಲ್ಲದ ಅನುಭವದಿಂದ ಮನಸ್ಸು ಏನು ಕಲಿಯಲು ಸಾಧ್ಯ?

ಆಮೇಲಿನದು ಹಂತಹಂತದ ಅಭ್ಯಾಸ. ಕ್ಲಿನಿಕ್‌ನಲ್ಲಿ ಸುಮ್ಮನೆ ಕೂರುವುದು, ಕುರ್ಚಿಯಲ್ಲಿ ಕೂರುವುದು, ಅದನ್ನು ಹಿಂದಕ್ಕೆ ಒರಗಿಸಿಕೊಳ್ಳುವುದು, ಬಾಯಿಗೆ ಕನ್ನಡಿ ಇಡಿಸಿಕೊಳ್ಳುವುದು, ಮುಚ್ಚಳ ಹಾಕಿದ ಸಿರಿಂಜನ್ನು ಕೈಯಲ್ಲಿ ಹಿಡಿಯುವುದು, ಅದನ್ನೇ ಕೆನ್ನೆಯ ಒಳಗೆ ತಾಗಿಸಿಕೊಳ್ಳುವುದು. ಪ್ರತಿ ಹಂತದಲ್ಲೂ ಭಯಕ್ಕೆ 0ರಿಂದ 10ರೊಳಗೆ ಅಂಕ ಕೊಡಬೇಕು. 8 ಇದ್ದದ್ದು 4ಕ್ಕೆ ಇಳಿಯುವವರೆಗೂ ಅಲ್ಲೇ ಇರಬೇಕು. 8ರಲ್ಲಿ ಎದ್ದು ಬಂದರೆ, ಓಡಿದ್ದರಿಂದಲೇ ಬದುಕಿದೆ ಎಂದು ಮನಸ್ಸು ನಂಬುತ್ತದೆ. ಎಡಗೈ ಎತ್ತಿದರೆ ವೈದ್ಯೆ ನಿಲ್ಲಿಸಬೇಕು. ಇನ್ನೇನು ಮುಗೀತು ಅನ್ನುತ್ತಾ ಮುಂದುವರಿದರೆ ಆ ಸನ್ನೆಗೆ ಬೆಲೆಯೇ ಇಲ್ಲ.

ಎದೆಬಡಿತಕ್ಕೆ ಬೇರೆ ಅಭ್ಯಾಸ. ಅವರ ವೈದ್ಯರಿಂದ ಹೃದಯಕ್ಕೆ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡು, ನನ್ನ ಕೋಣೆಯಲ್ಲೇ ಒಂದು ನಿಮಿಷ ನಿಂತಲ್ಲೇ ಓಡಿಸಿದೆ. ಎದೆ ಬಡಿದುಕೊಂಡಿತು, ನಾವಿಬ್ಬರೂ ಸುಮ್ಮನೆ ಕೂತೆವು, ಇಳಿಯಿತು. ಅದನ್ನೇ ಮನೆಯಲ್ಲೂ ಮಾಡಿದರು.

ಸಿರಿಂಜ್ ತಾಗಿಸಿದ ದಿನ ಅಂಕ ಒಮ್ಮೆಲೇ 2. ಅನುಮಾನ ಬಂದು ಕೇಳಿದೆ. ಅಕ್ಕನಿಗೆ ಬರೆದುಕೊಟ್ಟಿದ್ದ, ಆತಂಕ ತಗ್ಗಿಸುವ ಅಲ್ಪ್ರಜೋಲಮ್ ಮಾತ್ರೆ ನುಂಗಿ ಬಂದಿದ್ದರು! ಆ ಧೈರ್ಯದ ಶ್ರೇಯ ಮಾತ್ರೆಗೆ ಹೋಗುತ್ತದೆ, ಅವರಿಗಲ್ಲ. ಅದಕ್ಕಿಂತ ದೊಡ್ಡದು ಅಪಾಯ: ವೈದ್ಯೆಗೆ ತಿಳಿಸದೆ ಹೀಗೆ ನುಂಗಿ, ಮೇಲೆ ಇನ್ನೊಂದು ಮಂಪರು ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಆ ಹಂತವನ್ನು ಮಾತ್ರೆಯಿಲ್ಲದೆ ಮತ್ತೆ ಮಾಡಿಸಿದೆವು.

ನಿಜವಾದ ಇಂಜೆಕ್ಷನ್‌ಗೆ ಮುನ್ನ ವಸಡಿಗೆ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಟ್ಟರು. ಔಷಧಿಯನ್ನು ಒಂದು ಎಂಎಲ್‌ಗೆ ಒಂದು ನಿಮಿಷದಂತೆ ನಿಧಾನವಾಗಿ ಬಿಟ್ಟರು. ಜೋಮು ಹಿಡಿದಿದೆಯೇ ಎಂದು ಪರೀಕ್ಷಿಸದೆ ಡ್ರಿಲ್ ಮುಟ್ಟಲಿಲ್ಲ. ಎದೆ ಸ್ವಲ್ಪ ಬಡಿಯಿತಂತೆ. “ಓಡಿದಾಗ ಆಗ್ತಿತ್ತಲ್ಲ, ಅಷ್ಟೇ ಮೇಡಂ” ಎಂದರು. ಫಿಲ್ಲಿಂಗ್‌ಗಳು ಮಂಪರಿಲ್ಲದೆ ಮುಗಿದವು. ಅಡ್ಡ ಬೆಳೆದ ಬುದ್ಧಿಹಲ್ಲೊಂದು ಬಾಕಿ ಇದೆ. ಅದಕ್ಕೆ ಮತ್ತೆ ಗಾಳಿಯ ಮಂಪರು ಬೇಕೆಂದು ಅವರೇ ಕೇಳಿದ್ದಾರೆ. ಮೂಳೆ ಕೊರೆಯಬೇಕಾಗಬಹುದಾದ ದೀರ್ಘ ಕೆಲಸ, ನಾನೂ ಒಪ್ಪಿದ್ದೇನೆ.