ಐದು ಅಂಕ ಬಂದರೆ ಆಟಿಸಂ ಅಂತಲೇ?

ಪ್ರಶ್ನೆ: ನಮ್ಮ ಮಗನಿಗೆ 20 ತಿಂಗಳು. ಹೆಸರು ಹಿಡಿದು ಕರೆದರೆ ತಿರುಗಲ್ಲ, ಮೊಬೈಲ್ ಹಾಡು ಕೇಳಿದರೆ ಓಡಿ ಬರ್ತಾನೆ. ಡಾಕ್ಟರು 20 ಪ್ರಶ್ನೆ ಕೇಳಿ '5 ಅಂಕ' ಅಂದರು, ಮುಂದಿನ ವಾರ ಮತ್ತೆ ಬನ್ನಿ ಅಂದರು. ಅತ್ತೆಯವರು 'ಅವರಪ್ಪನೂ ತಡವಾಗೇ ಮಾತಾಡಿದ್ದ' ಅಂತಾರೆ. ಇದು ಆಟಿಸಂ ಏನ್ರಿ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಐದು ಅಂಕ ನೋಡಿ ಹೌದು ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು. ನಿಮ್ಮ ಡಾಕ್ಟರು ಕೇಳಿದ್ದು ಬಹುಶಃ ಆಟಿಸಂನ ಸುಳಿವು ಹುಡುಕುವ ಎಂ-ಚಾಟ್ ಪ್ರಶ್ನೆಪಟ್ಟಿ. ಅದು 16ರಿಂದ 30 ತಿಂಗಳ ಮಕ್ಕಳಿಗಾಗಿ ಮಾಡಿದ್ದು. ಅದರಲ್ಲಿ 2ರವರೆಗೆ ಬಂದರೆ ಸದ್ಯಕ್ಕೆ ಚಿಂತೆಯಿಲ್ಲ, ಆದರೆ ಎರಡು ವರ್ಷ ತುಂಬುವ ಮೊದಲೇ ಕೇಳಿದ್ದರೆ ತುಂಬಿದ ಮೇಲೆ ಇನ್ನೊಮ್ಮೆ ಕೇಳಬೇಕು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರವಾಗಿ ತಜ್ಞರ ಬಳಿ ಕಳಿಸುತ್ತಾರೆ. 3ರಿಂದ 7 ನಡುವೆ ಬಂದವರಿಗೆ ಎರಡನೇ ಸುತ್ತು ಇರುತ್ತದೆ. ನಿಮ್ಮನ್ನು ಕರೆದದ್ದು ಅದಕ್ಕೇ.

ಅಲ್ಲಿ ಮೊದಲ ಸಲ ಅಂಕ ಬಿದ್ದ ಪ್ರಶ್ನೆಗಳನ್ನು ಮಾತ್ರ ಕೆದಕಿ ಕೇಳುತ್ತಾರೆ. 'ಸದ್ದಿಗೆ ಹೆದರ್ತಾನಾ' ಅಂದಾಗ ನೀವು ಹೌದು ಅಂದಿರಿ ಅಂದುಕೊಳ್ಳಿ. ಯಾವ್ಯಾವ ಸದ್ದು, ಆಗ ಏನು ಮಾಡ್ತಾನೆ ಅಂತ ಬಿಡಿಸಿ ಕೇಳಿದರೆ, ಬರೀ ಮಿಕ್ಸಿಗೆ ಅಳ್ತಾನೆ ಅಷ್ಟೇ ಅಂತ ಗೊತ್ತಾಗಬಹುದು. ಆಗ ಆ ಅಂಕ ಹೋಗುತ್ತದೆ. ಆದರೆ ಹೆಸರಿಗೆ ತಿರುಗದಿರುವುದು, ಏನನ್ನೂ ತಂದು ನಿಮಗೆ ತೋರಿಸದಿರುವುದು ಹಾಗೇ ಉಳಿದರೆ ಎರಡಾಯಿತು. ಎರಡನೇ ಸುತ್ತಿನಲ್ಲಿ 2 ಉಳಿದರೂ ತಜ್ಞರಿಗೆ ತೋರಿಸಲೇಬೇಕು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೀಗೆ ಉಳಿದ ಮಕ್ಕಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಆಟಿಸಂ ಇತ್ತು. ಉಳಿದವರಲ್ಲಿ ಬಹುತೇಕರಿಗೆ ಬೇರೆ ಯಾವುದೋ ಬೆಳವಣಿಗೆಯ ತೊಂದರೆ ಇತ್ತು.

ಎರಡನೇ ಸುತ್ತಿಗೂ ಒಂದು ಮಿತಿ ಇದೆ. ಮೊದಲ ಸಲವೇ 'ಸರಿ ಇದೆ' ಅಂತ ಹೇಳಿಬಿಟ್ಟ ಪ್ರಶ್ನೆಯನ್ನು ಅದು ಮತ್ತೆ ಕೇಳುವುದಿಲ್ಲ. ಬೆರಳು ತೋರಿಸ್ತಾನಾ ಅಂದರೆ ಎಷ್ಟೋ ತಾಯಂದಿರು ಹೂಂ ಅಂತಾರೆ. ನಿಜ ನೋಡಿದರೆ ಮಗು ಅಮ್ಮನ ಕೈ ಹಿಡಿದು ಬಿಸ್ಕತ್ ಡಬ್ಬಿಯ ಮೇಲೆ ಇಡುತ್ತದೆ. ಅದು ಬೆರಳು ತೋರಿಸಿದ್ದಲ್ಲ. ಇನ್ನೂ ಮುಖ್ಯವಾದದ್ದು ಬೇಡುವುದಕ್ಕಲ್ಲ, ಸುಮ್ನೆ ತೋರಿಸುವುದಕ್ಕೆ ಬೆರಳು ಚಾಚುವುದು. ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದರೆ ಅತ್ತ ಬೆರಳು ಮಾಡಿ, ನಿಮ್ಮ ಮುಖ ನೋಡಿ, ಮತ್ತೆ ಟ್ರ್ಯಾಕ್ಟರ್ ನೋಡ್ತಾನಾ? ನಾನು ಮಾತಿಗಿಂತ ಮೊದಲು ಇದನ್ನೇ ಕೇಳುತ್ತೇನೆ. ಅತ್ತೆಯವರ ಮಾತಿಗೂ ಇದರಲ್ಲೇ ಉತ್ತರ ಇದೆ. ಬರೀ ಮಾತು ತಡವಾದ ಮಗು ಬೆರಳು, ಕಣ್ಣು, ಸನ್ನೆಯಿಂದ ಕೆಲಸ ಸಾಗಿಸುತ್ತದೆ.

ಮೊಬೈಲ್ ಹಾಡಿಗೆ ಬರ್ತಾನೆ, ಹಾಗಾಗಿ ಕಿವಿ ಸರಿ ಇದೆ ಅಂತ ಬಿಡಬೇಡಿ. ಕೆಲವು ಸ್ವರಗಳು ಮಾತ್ರ ಕೇಳದ ಮಕ್ಕಳೂ ಹಾಡಿಗೆ ಓಡಿ ಬರುತ್ತಾರೆ. ಕಿವಿ ಪರೀಕ್ಷೆ ಮಾಡಿಸಲೇಬೇಕು. ರಾಯಚೂರಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದಾಗ ಮಕ್ಕಳ ಬೆಳವಣಿಗೆ ತಪಾಸಣೆಯ ಡಿಇಐಸಿ ಕೇಂದ್ರ ಎಲ್ಲಿದೆ ಅಂತ ವಿಚಾರಿಸಿ. ರೋಗನಿರ್ಣಯ ಮಾಡುವುದು ಪ್ರಶ್ನೆಪಟ್ಟಿಯಲ್ಲ, ಮಗುವಿನ ಜೊತೆ ಕೂತು ಆಡಿ ನೋಡಿದ ತಜ್ಞರು. ಆ ದಿನ ಬರುವವರೆಗೆ ಸ್ಪೀಚ್ ಥೆರಪಿ ತಡೆಯಬೇಕಾಗಿಲ್ಲ.

ಮುಂದಿನ ವಾರ ಹೋಗುವಾಗ ಎರಡು ಸಣ್ಣ ವಿಡಿಯೋ ಒಯ್ಯಿರಿ. ಆಟದಲ್ಲಿ ಮುಳುಗಿದ್ದಾಗ ಹಿಂದಿನಿಂದ ಹೆಸರು ಕರೆದದ್ದು ಒಂದು, ಊಟ ಬೇಕಾದಾಗ ಹೇಗೆ ಕೇಳ್ತಾನೆ ಅನ್ನುವುದು ಇನ್ನೊಂದು. ಹೊಸ ಜಾಗದಲ್ಲಿ ಮಕ್ಕಳು ಮನೆಯಲ್ಲಿದ್ದಂತೆ ಇರುವುದಿಲ್ಲ, ಅಲ್ವಾ?