ಎಲೆಕ್ಟ್ರಾನ್ ಆಮೆಯ ಹಾಗೆ, ಬೆಳಕು ಮಿಂಚಿನ ಹಾಗೆ: ಸೋಲಾರ್ ನಲ್ಲಿಯ ಮುಂದೆ ನಿಂತು ಹೇಳಿದ ಪಾಠ

ಪ್ರಶ್ನೆ: ತಂತಿಯಲ್ಲಿ ಎಲೆಕ್ಟ್ರಾನ್ ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಸಾಗಲ್ಲ ಅಂತ ಪುಸ್ತಕದಲ್ಲಿದೆ. ಆದ್ರೆ ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಹತ್ತುತ್ತೆ. ಇದನ್ನ ನನ್ನ ತಮ್ಮನಿಗೆ ಅರ್ಥ ಆಗೋ ಹಾಗೆ ಹೇಗೆ ಹೇಳೋದು?

ಇದೇ ಪ್ರಶ್ನೆಯನ್ನು ಚಿಕ್ಕಮ್ಮನ ಮಗಳು ನನಗೆ ಕೇಳಿದ್ದಳು, ಆಗ ಅವಳು ಮೊದಲ ಪಿಯುಸಿ ಮುಗಿಸಿ ರಜೆಗೆ ಬಂದಿದ್ದಳು. ನಾನು ಮೊದಲು ಮಾಡಿದ್ದು ತಪ್ಪು. ಸೂತ್ರ ಬರೆದುಕೊಟ್ಟೆ, ಅವಳು ಸಂಖ್ಯೆ ಹಾಕಿ ಉತ್ತರ ತೆಗೆದಳು, ಉತ್ತರ ಸರಿಯಾಗಿಯೇ ಇತ್ತು. ಆಮೇಲೆ ತಲೆಯೆತ್ತಿ, 'ಅಣ್ಣಾ, ಹಾಗಾದ್ರೆ ಬಲ್ಬ್ ಯಾಕೆ ತಡ ಮಾಡಲ್ಲ?' ಅಂದಳು. ಸೂತ್ರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಎರಡನೇ ಸಲ ನಾನು ಪುಸ್ತಕ ಮುಚ್ಚಿ ಅವಳನ್ನು ಬಚ್ಚಲುಮನೆಗೆ ಕರೆದುಕೊಂಡು ಹೋದೆ.

ನಮ್ಮ ಮನೆ ತಾರಸಿಯ ಮೇಲೆ ಸೋಲಾರ್ ಹೀಟರ್ ಇದೆ. ಬಿಸಿನೀರಿನ ನಲ್ಲಿ ತಿರುಗಿಸಿದ ತಕ್ಷಣ ನೀರು ಬರುತ್ತೆ, ಆದರೆ ಅದು ತಣ್ಣೀರು. ಅರ್ಧ ಬಕೆಟ್ ಬಿಟ್ಟ ಮೇಲೆ ಬಿಸಿನೀರು ಬರುತ್ತೆ. ನಾನು ಅವಳಿಗೆ ಕೇಳಿದೆ: 'ನಲ್ಲಿ ತಿರುಗಿಸಿದಾಗ ಮೊದಲು ಬಂತಲ್ಲ, ಆ ನೀರು ಎಲ್ಲಿತ್ತು?' ಅವಳು ಸ್ವಲ್ಪ ಯೋಚಿಸಿ, 'ಪೈಪಲ್ಲೇ ಇತ್ತು, ನಲ್ಲಿ ಬಾಯಲ್ಲೇ' ಅಂದಳು. 'ಟ್ಯಾಂಕಿನ ನೀರು?' 'ಅದು ಇನ್ನೂ ದಾರೀಲಿದೆ.'

ಅರ್ಧ ಪಾಠ ಅಲ್ಲೇ ಮುಗಿಯಿತು. ಒಂದೇ ನಲ್ಲಿಯಲ್ಲಿ ಎರಡು ವೇಗ ಕಾಣುತ್ತವೆ. ನೀರು ಹೊರಡಬೇಕು ಅನ್ನುವ ಒತ್ತಡದ ಸುದ್ದಿ ಪೈಪಿನಲ್ಲಿ ಸೆಕೆಂಡಿಗೆ ನೂರಾರು ಮೀಟರ್ ಓಡುತ್ತೆ, ಹಾಗಾಗಿ ನಮಗೆ 'ತಕ್ಷಣ' ಅನ್ನಿಸುತ್ತೆ. ಟ್ಯಾಂಕಿನಲ್ಲಿದ್ದ ಆ ನೀರೇ ನಡೆದು ನಮ್ಮ ಕೈಗೆ ಬರಲು ಮಾತ್ರ ಸಮಯ ಬೇಕು. ಪೈಪು ಮೊದಲೇ ತುಂಬಿರುವುದರಿಂದ ಯಾರೂ ಟ್ಯಾಂಕಿನ ನೀರಿಗೆ ಕಾಯಬೇಕಾಗಿಲ್ಲ. ತಾಮ್ರದ ತಂತಿಯೂ ಹಾಗೆಯೇ, ಸ್ವಿಚ್ ಹಾಕುವ ಮೊದಲೇ ಅದು ಎಲೆಕ್ಟ್ರಾನುಗಳಿಂದ ತುಂಬಿರುತ್ತೆ. ಎಲೆಕ್ಟ್ರಾನುಗಳು ಸ್ವಿಚ್ಚಿನ ಹಿಂದೆ ಕಾದು ನಿಂತಿರುತ್ತವೆ, ಸ್ವಿಚ್ ಹಾಕಿದ ಮೇಲೆ ಖಾಲಿ ತಂತಿಯೊಳಗೆ ಓಡುತ್ತವೆ ಅನ್ನುವ ಚಿತ್ರವೇ ಎಲ್ಲ ಗೊಂದಲದ ಬೇರು. ನಿಮ್ಮ ತಮ್ಮನ ತಲೆಯಲ್ಲಿ ಈ ಚಿತ್ರ ಇದೆಯೇ ಅಂತ ಮೊದಲು ಕೇಳಿ ನೋಡಿ. ಇದ್ದರೆ ಅದನ್ನು ತೆಗೆಯದೆ ಮುಂದಿನದು ಹೇಳಿ ಉಪಯೋಗವಿಲ್ಲ.

ಇನ್ನು ಎಷ್ಟು ನಿಧಾನ ಅನ್ನುವುದು. ಇದನ್ನು ನಾನು ಸೂತ್ರವಿಲ್ಲದೆ, ಎಣಿಕೆಯಿಂದಲೇ ಮಾಡಿಸಿದೆ. ಒಂದು ಘನ ಮಿಲಿಮೀಟರ್ ತಾಮ್ರ, ಅಂದರೆ ಸಾಸಿವೆ ಕಾಳಿಗಿಂತ ಚಿಕ್ಕ ಚೂರು. ಅದರಲ್ಲಿ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳು ಸುಮಾರು 8.5 ಲಕ್ಷ ಕೋಟಿ ಕೋಟಿ ('ಕೋಟಿ' ಎರಡು ಸಲ, ಬರೆಯುವಾಗ ತಪ್ಪಿದ್ದಲ್ಲ). ಮನೆಯ ಲೈಟಿಗೆ ಎಳೆಯುವ ತಂತಿ ಸಾಮಾನ್ಯವಾಗಿ 1.5 ಚದರ ಮಿಲಿಮೀಟರಿನದು. ಹಾಗಾಗಿ ಅದರ ಒಂದೊಂದು ಮಿಲಿಮೀಟರ್ ಉದ್ದದಲ್ಲಿ 12.75 ಲಕ್ಷ ಕೋಟಿ ಕೋಟಿ ಎಲೆಕ್ಟ್ರಾನುಗಳಿವೆ. ಒಂದು ಆಂಪಿಯರ್ ಕರೆಂಟ್ ಅಂದರೆ, ಸೆಕೆಂಡಿಗೆ ಸುಮಾರು 62,500 ಕೋಟಿ ಕೋಟಿ ಎಲೆಕ್ಟ್ರಾನುಗಳು ಒಂದು ಗೆರೆ ದಾಟುವುದು. ಈಗ ಭಾಗಿಸಿ: ಒಂದು ಮಿಲಿಮೀಟರಿನಲ್ಲಿರುವ ಗುಂಪು ಪೂರ್ತಿ ದಾಟಲು ಸುಮಾರು 20 ಸೆಕೆಂಡು ಬೇಕು. ಗಂಟೆಗೆ 18 ಸೆಂಟಿಮೀಟರಿನಷ್ಟು. ಮಳೆಗಾಲದ ಬಸವನಹುಳು ಇದಕ್ಕಿಂತ ಎಷ್ಟೋ ಬೇಗ ಹೋಗುತ್ತೆ.

ಅದೂ ಒಂದು ಆಂಪಿಯರ್ ಇದ್ದರೆ. 9 ವಾಟಿನ ಎಲ್‌ಇಡಿ ಬಲ್ಬಿಗೆ 230 ವೋಲ್ಟಿನಲ್ಲಿ 0.04 ಆಂಪಿಯರ್ ಸಾಕು, ಅಂದರೆ ಇನ್ನೂ 25 ಪಟ್ಟು ನಿಧಾನ. ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತಿದೆ ಅಂದುಕೊಂಡರೂ, ಸ್ವಿಚ್ಚಿನಿಂದ ಐದು ಮೀಟರ್ ದೂರದ ಬಲ್ಬಿಗೆ ಒಂದು ಎಲೆಕ್ಟ್ರಾನ್ ತಲುಪಲು ಒಂದು ತಿಂಗಳು ಬೇಕು. ಈ ಉತ್ತರ ಬಂದಾಗ ಅವಳು ಲೆಕ್ಕ ತಪ್ಪಾಗಿದೆ ಅಂತ ಮತ್ತೊಮ್ಮೆ ಮಾಡಿದಳು. ಮಾಡಲಿ ಅಂತ ನಾನೂ ಸುಮ್ಮನಿದ್ದೆ. ಎರಡನೇ ಸಲವೂ ಅದೇ ತಿಂಗಳು ಬಂದಾಗ ನಂಬಿಕೆ ಅವಳದೇ ಆಗುತ್ತೆ.

ಕಾರಣವೂ ಆ ಎಣಿಕೆಯಲ್ಲೇ ಇದೆ. ಗುಂಪು ಅಷ್ಟು ದೊಡ್ಡದು, ಹಾಗಾಗಿ ಪ್ರತಿಯೊಂದೂ ಒಂಚೂರು ಸರಿದರೆ ಸಾಕು, ಗೆರೆ ದಾಟುವವರ ಸಂಖ್ಯೆ ದೊಡ್ಡದಾಗುತ್ತೆ. ಜಾತ್ರೆಯಲ್ಲಿ ಬೀದಿ ತುಂಬ ಜನ ಇದ್ದಾಗ ಎಲ್ಲರೂ ಒಂದು ಹೆಜ್ಜೆ ಮುಂದಿಟ್ಟರೂ ದೇವಸ್ಥಾನದ ಬಾಗಿಲಲ್ಲಿ ನೂರು ಜನ ಒಳಗೆ ಹೋದ ಹಾಗೆ.

ಇಲ್ಲಿ ಇನ್ನೊಂದು ವೇಗವೂ ಇದೆ, ಅದನ್ನು ಬೇರೆಯಾಗಿ ಇಡದಿದ್ದರೆ ಮಕ್ಕಳು ಮತ್ತೆ ಸಿಕ್ಕಿಹಾಕಿಕೊಳ್ಳುತ್ತಾರೆ. ಸ್ವಿಚ್ ಹಾಕದಿದ್ದಾಗಲೂ ತಾಮ್ರದೊಳಗಿನ ಎಲೆಕ್ಟ್ರಾನ್ ಸುಮ್ಮನೆ ಕೂತಿರುವುದಿಲ್ಲ, ಸೆಕೆಂಡಿಗೆ ಸಾವಿರದ ಐನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಎತ್ತೆತ್ತಲೋ ಹಾರಾಡುತ್ತಿರುತ್ತೆ. ಸಂಜೆ ಹೊತ್ತು ತಲೆಯ ಮೇಲೆ ಸುತ್ತುವ ನುಸಿಗಳ ಹಿಂಡು ನೋಡಿದ್ದೀರಲ್ಲ, ಒಂದೊಂದು ನುಸಿಯೂ ಕಣ್ಣಿಗೆ ಸಿಗದ ಹಾಗೆ ತಿರುಗುತ್ತೆ, ಹಿಂಡು ಮಾತ್ರ ಅಲ್ಲೇ ಇರುತ್ತೆ. ಸಣ್ಣ ಗಾಳಿ ಬಂದರೆ ಇಡೀ ಹಿಂಡು ನಿಧಾನಕ್ಕೆ ಒಂದು ಕಡೆ ಸರಿಯುತ್ತೆ. ನಾವು ಕರೆಂಟ್ ಅನ್ನುವುದು ಹಿಂಡಿನ ಆ ಸರಿಯುವಿಕೆಯನ್ನು. ಇಷ್ಟು ಆದ ಮೇಲೆಯೇ ನಾನು 'ಡ್ರಿಫ್ಟ್ ವೇಗ' ಅನ್ನುವ ಹೆಸರು ಹೇಳಿದ್ದು. ಹೆಸರು ಮೊದಲೇ ಕೊಟ್ಟರೆ ಮಗು ಹೆಸರನ್ನು ಹಿಡಿದುಕೊಂಡು ವಸ್ತುವನ್ನು ಬಿಟ್ಟುಬಿಡುತ್ತೆ, ಇದು ಅವಳ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದು.

ಹಾಗಾದರೆ ಬಲ್ಬಿಗೆ ಬೇಗ ತಲುಪುವುದು ಏನು? ತಳ್ಳುವಿಕೆ. ನೀರಿನ ಹೋಲಿಕೆ ಇಲ್ಲಿ ಒಂದು ಕಡೆ ಕೈಕೊಡುತ್ತೆ, ಅದನ್ನು ಮುಚ್ಚಿಡಬಾರದು. ನೀರಿನ ಒಂದು ಹನಿ ಪಕ್ಕದ ಹನಿಯನ್ನು ತಾಗಿ ತಳ್ಳುತ್ತೆ, ಒತ್ತಡ ಪೈಪಿನೊಳಗೇ ಸಾಗುತ್ತೆ. ಎಲೆಕ್ಟ್ರಾನುಗಳು ತಾಗದೆ ದೂರದಿಂದಲೇ ತಳ್ಳುತ್ತವೆ, ಆ ತಳ್ಳುವಿಕೆ ತಂತಿಯ ಸುತ್ತಲಿನ ಜಾಗದಲ್ಲಿ, ಮುಖ್ಯವಾಗಿ ಮೇಲಿನ ಪ್ಲಾಸ್ಟಿಕ್ಕಿನಲ್ಲಿ ಮತ್ತು ಗಾಳಿಯಲ್ಲಿ, ಅಲೆಯಾಗಿ ಓಡುತ್ತೆ. ಕೇಬಲ್ಲಿನಲ್ಲಿ ಸಂಕೇತದ ವೇಗವನ್ನು ಬಹುಪಾಲು ನಿರ್ಧರಿಸುವುದು ತಾಮ್ರವಲ್ಲ, ಅದರ ಸುತ್ತಲಿನ ಪ್ಲಾಸ್ಟಿಕ್. ಸಾಮಾನ್ಯ ಕೇಬಲ್ಲಿನಲ್ಲಿ ಅದು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್, ಖಾಲಿ ಜಾಗದಲ್ಲಿ ಬೆಳಕಿನ ವೇಗದ ಮೂರನೇ ಎರಡು ಭಾಗ. ಐದು ಮೀಟರ್ ದಾಟಲು, ಒಂದು ಸೆಕೆಂಡನ್ನು ನಾಲ್ಕು ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಸಾಕು. ತಿಂಗಳು ಒಂದು ಕಡೆ, ಆ ಚೂರು ಇನ್ನೊಂದು ಕಡೆ. ಎರಡೂ ಒಂದೇ ತಂತಿಯವು.

ಅವಳು ಇಲ್ಲಿಗೆ ಬಿಡಲಿಲ್ಲ. 'ನಮ್ಮ ಮನೆಗೆ ಬರೋದು ಎಸಿ ಕರೆಂಟ್ ಅಲ್ವಾ? ಅದು ಹಿಂದೆ ಮುಂದೆ ಹೋಗುತ್ತೆ ಅಂತಾರೆ. ಹಾಗಾದ್ರೆ ಎಲೆಕ್ಟ್ರಾನ್ ತಲುಪೋದೇ ಇಲ್ವಾ?' ಇಲ್ಲ, ತಲುಪುವುದೇ ಇಲ್ಲ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹೋಗಿ ಬರುತ್ತೆ. ಆ ಒಂದು ಆಂಪಿಯರ್ ತಂತಿಯಲ್ಲೇ ಲೆಕ್ಕ ಹಾಕಿದರೆ ಹಿಂಡು ಈ ತುದಿಯಿಂದ ಆ ತುದಿಗೆ ಸರಿಯುವುದು ಮಿಲಿಮೀಟರಿನ ಸಾವಿರನೇ ಒಂದು ಭಾಗದಲ್ಲಿ ಅರ್ಧಕ್ಕಿಂತ ಕಡಿಮೆ, ತಲೆಕೂದಲಿನ ದಪ್ಪದ ನೂರನೇ ಒಂದು ಭಾಗವೂ ಇಲ್ಲ. ಶರಾವತಿಯಲ್ಲಿ ತಯಾರಾದ ಎಲೆಕ್ಟ್ರಾನ್ ನಮ್ಮ ಮನೆಗೆ ಬರುತ್ತೆ ಅನ್ನುವುದು ಅಲ್ಲಿಗೆ ಹೋಯಿತು. ನಮ್ಮ ಬಲ್ಬಿನೊಳಗೆ ಅಲುಗಾಡುವುದು ನಮ್ಮ ಬಲ್ಬಿನವೇ.

'ಮತ್ತೆ ಬಿಲ್ ಯಾವುದಕ್ಕೆ ಕಟ್ಟೋದು?' ಅಂದಳು. ಪಕ್ಕದ ಮನೆಯಲ್ಲಿ ಬಡಗಿ ಕೆಲಸ ನಡೆಯುತ್ತಿತ್ತು, ಗರಗಸ ತೋರಿಸಿದೆ. ಗರಗಸ ಹಿಂದೆ ಮುಂದೆ ಹೋಗುತ್ತೆ, ಅದರ ಒಂದು ಹಲ್ಲೂ ಮರದಲ್ಲಿ ಉಳಿಯುವುದಿಲ್ಲ, ಆದರೂ ಮರ ಕುಯ್ಯುತ್ತೆ, ಬಿಸಿಯಾಗುತ್ತೆ. ಬಡಗಿಗೆ ಕೂಲಿ ಕೊಡುವುದು ಅವನು ತಳ್ಳಿ ಎಳೆದ ಶ್ರಮಕ್ಕೆ, ಗರಗಸದ ಕಬ್ಬಿಣಕ್ಕಲ್ಲ. ಮೀಟರ್ ಎಣಿಸುವುದೂ ಆ ಶ್ರಮವನ್ನೇ. ಎಲೆಕ್ಟ್ರಾನ್ ಒಂದೂ ಖರ್ಚಾಗುವುದಿಲ್ಲ.

ನಿಜವಾಗಿ ಅರ್ಥವಾಗಿದೆಯೇ ಅಂತ ತಿಳಿಯಲು ನಾನು ಪಾಠದಲ್ಲಿ ಹೇಳದ ಒಂದು ಪ್ರಶ್ನೆ ಕೇಳಿದೆ. ಹಳೆಯ ಹಳದಿ ಬಲ್ಬಿನ ಫಿಲಮೆಂಟ್ ತುಂಬ ಸಪೂರ, ಅದರ ಅಡ್ಡಕೊಯ್ತದ ವಿಸ್ತೀರ್ಣ ಮನೆಯ ತಂತಿಯದಕ್ಕಿಂತ ನೂರಾರು ಪಟ್ಟು ಕಡಿಮೆ. ಎರಡರಲ್ಲೂ ಹರಿಯುವುದು ಒಂದೇ ಕರೆಂಟ್. ಫಿಲಮೆಂಟಿನಲ್ಲಿ ಎಲೆಕ್ಟ್ರಾನ್ ನಿಧಾನವೋ, ಬೇಗವೋ? ಮೊದಲು 'ನಿಧಾನ, ಇಕ್ಕಟ್ಟಲ್ವಾ' ಅಂದಳು. ನಾನು ಸರಿ ತಪ್ಪು ಏನೂ ಹೇಳದೆ, 'ಸೆಕೆಂಡಿಗೆ ಅಷ್ಟೇ ಎಲೆಕ್ಟ್ರಾನ್ ದಾಟಬೇಕು' ಅಂತ ಮಾತ್ರ ನೆನಪಿಸಿದೆ. ಎರಡು ನಿಮಿಷದ ಮೇಲೆ ತಿದ್ದಿಕೊಂಡಳು: 'ಬೇಗ ಹೋಗಬೇಕು ಅಣ್ಣಾ. ಇಲ್ಲಾಂದ್ರೆ ಬಾಗಿಲಲ್ಲಿ ರಾಶಿ ಬೀಳುತ್ತೆ.'

'ಬಿದ್ದರೆ ಏನಾಗುತ್ತೆ?'

'ರಾಶಿ ಬಿದ್ದವು ಒಂದನ್ನೊಂದು ತಳ್ಳುತ್ತವೆ. ಮುಂದಿರೋದನ್ನ ಬೇಗ ಓಡಿಸುತ್ತೆ, ಹಿಂದಿಂದ ಬರೋದನ್ನ ತಡೆಯುತ್ತೆ.'

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ತಂತಿಯಲ್ಲಿ ನಡೆಯುವುದು ಅದೇ: ಸ್ವಿಚ್ ಹಾಕಿದ ಆ ಕ್ಷಣದ ಚೂರಿನಲ್ಲಿ, ದಾರಿ ಸಪೂರ ಆಗುವ ಕಡೆ, ತಿರುವಿನ ಕಡೆ ತಂತಿಯ ಮೈಮೇಲೆ ಎಲೆಕ್ಟ್ರಾನುಗಳು ಎಲ್ಲೋ ಒಂಚೂರು ಹೆಚ್ಚಾಗಿ, ಎಲ್ಲೋ ಒಂಚೂರು ಕಡಿಮೆಯಾಗಿ ಕೂರುತ್ತವೆ. ಒಳಗಿನ ಹಿಂಡಿಗೆ ಎಲ್ಲಿ ಎಷ್ಟು ತಳ್ಳು ಬೇಕು ಅನ್ನುವುದನ್ನು ಆ ಹೆಚ್ಚು ಕಡಿಮೆಯೇ ಹಂಚುತ್ತೆ, ಎಲ್ಲ ಕಡೆಯೂ ಒಂದೇ ಕರೆಂಟ್ ಆಗುವ ತನಕ.